ರಕ್ತದ ಕಲೆಗೆ ಮೊದಲು ತಣ್ಣೀರು, ಆಮೇಲೆ ಬಿಸಿ

ಹುಬ್ಬಳ್ಳಿಯ ಒಂದು ಲಾಂಡ್ರಿಯಲ್ಲಿ ವಾಷಿಂಗ್ ಸೆಕ್ಷನ್ ನೋಡಿಕೊಳ್ತೀನಿ. ಬರುವ ಬಟ್ಟೆಯಲ್ಲಿ ಜಾಸ್ತಿ ಪಾಲು ನರ್ಸಿಂಗ್ ಹೋಮುಗಳದ್ದು. ಬೆಡ್‌ಶೀಟು, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ, ಬಾಣಂತಿ ವಾರ್ಡಿನ ಟವೆಲ್. ಅಂದರೆ ನಮ್ಮ ದಿನದ ಕೆಲಸವೇ ರಕ್ತ ಮತ್ತು ಹಾಲು. ಈ ಎರಡೂ ಕಲೆ ಹೋಗುವುದು ಬಿಡುವುದು ಪೌಡರಿಗಿಂತ ಜಾಸ್ತಿ ನೀರಿನ ಬಿಸಿಯ ಮೇಲೆ ನಿಂತಿದೆ.

ಒಂದು ನರ್ಸಿಂಗ್ ಹೋಮಿನ ಶೀಟುಗಳು ವಾರಗಟ್ಟಲೆ ಕಂದು ಕಲೆ ಉಳಿಸಿಕೊಂಡೇ ವಾಪಸ್ ಹೋಗುತ್ತಿದ್ದವು. ನಿಮ್ಮ ಪೌಡರ್ ಸರಿ ಇಲ್ಲ ಅಂತ ಫೋನ್ ಮೇಲೆ ಫೋನ್. ಅದೇ ಮಷೀನು, ಅದೇ ಪೌಡರು, ಬೇರೆ ಆಸ್ಪತ್ರೆ ಬಟ್ಟೆ ಮಾತ್ರ ಬೆಳ್ಳಗೆ ಬರುತ್ತಿತ್ತು. ಹಾಗಾಗಿ ಬಂದ ಗಂಟು ಬಿಚ್ಚಿ, ತೊಳೆಯುವ ಮೊದಲೇ ಒಂದು ಶೀಟಿನ ಕಲೆ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಎರಡು ಹನಿ ಬಿಟ್ಟೆ. ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆ ಹಚ್ಚಲು ಕೊಡ್ತಾರಲ್ಲ, ಅದೇ. ಹಸಿ ರಕ್ತವಾಗಲಿ, ಸುಮ್ನೆ ಒಣಗಿದ ರಕ್ತವಾಗಲಿ, ಅದರಲ್ಲಿ ಕ್ಯಾಟಲೇಸ್ ಅನ್ನುವ ಎಂಜೈಮ್ ಇರುತ್ತದೆ, ಪೆರಾಕ್ಸೈಡ್ ಬಿದ್ದ ಕೂಡಲೇ ಬುರುಬುರು ನೊರೆ ಬರುತ್ತದೆ. ಇಲ್ಲಿ ನಾಲ್ಕು ಗುಳ್ಳೆ ಎದ್ದು ಸುಮ್ಮನಾಯಿತು. ಪಕ್ಕದಲ್ಲಿ ಬೇರೆ ಆಸ್ಪತ್ರೆಯ ಶೀಟಿಗೆ ಬಿಟ್ಟರೆ ಬೆಳ್ಳಗೆ ಉಕ್ಕಿತು. ಬಿಸಿ ತಾಗಿದರೆ ಆ ಎಂಜೈಮ್ ಸಾಯುತ್ತದೆ, ಅಂದರೆ ಮೊದಲನೆಯದು ನಮ್ಮ ಕೈಗೆ ಬರುವ ಮೊದಲೇ ಬೆಂದಿತ್ತು.

ಹೋಗಿ ಕೇಳಿದೆ. ಅಲ್ಲಿನ ಆಯಾ ಒಬ್ಬರು ರಕ್ತದ ಶೀಟುಗಳನ್ನು ಬಕೆಟ್ಟಿಗೆ ಹಾಕಿ, ಹೊಗೆಯಾಡುವ ಗೀಸರ್ ನೀರು ಸುರಿದು, ಮೇಲೊಂದಿಷ್ಟು ಫಿನಾಯಿಲ್ ಬಿಟ್ಟು ಕಳಿಸುತ್ತಿದ್ದರು. "ಬಿಸಿನೀರ್ ಹಾಕಿದ್ರ ಜರ್ಮ್ಸ್ ಸಾಯ್ತಾವಲ್ರೀ ಸರ, ನಿಮಗ ಸ್ವಚ್ಛ ಬಟ್ಟಿ ಕಳಸೂಣು ಅಂತ" ಅಂದರು. "ಬಿಸಿ ನಾವು ಕಡೀಕ ಕೊಡ್ತೀವಿ ಅಕ್ಕಾರ, ನೀವು ತಣ್ಣೀರಾಗ ಜಾಲಿಸಿ ಹಾಂಗ ಕಳಸ್ರಿ" ಅಂದೆ. ಅವರು ಹೇಳಿದ್ದೇನೂ ಸುಳ್ಳಲ್ಲ. ಬಿಸಿ ಬೇಕೇ ಬೇಕು, ಆದರೆ ಸರದಿ ಬೇರೆ.

ರಕ್ತದ ನೀರಿನಲ್ಲಿ ಆಲ್ಬುಮಿನ್, ಕೆಂಪು ಕಣದಲ್ಲಿ ಹಿಮೋಗ್ಲೋಬಿನ್, ಎರಡೂ ಪ್ರೋಟೀನ್. ತಾಜಾ ಇರುವಾಗ ಇವು ಸುತ್ತಿಟ್ಟ ದಾರದ ಉಂಡೆಯ ಹಾಗೆ ಇದ್ದು ನೀರಿನಲ್ಲಿ ಕರಗುತ್ತವೆ, ಅದಕ್ಕೇ ಹಸಿ ಕಲೆ ಬರೀ ತಣ್ಣೀರಿನಲ್ಲಿ ಅರ್ಧಕ್ಕರ್ಧ ಬಿಟ್ಟು ಬರುತ್ತದೆ. 60 ಡಿಗ್ರಿ ದಾಟಿತು ಅಂದರೆ ಆ ಉಂಡೆಗಳು ಬಿಚ್ಚಿಕೊಂಡು ಒಂದರೊಳಗೊಂದು ಸಿಕ್ಕು ಹಾಕಿಕೊಂಡು ಗಟ್ಟಿಯಾಗುತ್ತವೆ. ಬಿಸಿ ಜಾಸ್ತಿ ಆದಷ್ಟೂ ಇದು ಬೇಗ. ಅದೂ ನಡೆಯುವುದು ಹತ್ತಿಯ ಎಳೆಗಳ ಸಂದಿಯಲ್ಲಿ. ಒಮ್ಮೆ ಹಾಗಾದ ಮೇಲೆ ತಣ್ಣೀರಿಗೂ ಕರಗುವುದಿಲ್ಲ, ಬರೀ ಸೋಪಿಗೂ ಬಿಡುವುದಿಲ್ಲ.

ಎಂಜೈಮ್ ಪೌಡರಿನಲ್ಲಿ ಇರುವುದು ಪ್ರೋಟಿಯೇಸ್. ಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾದಿಂದ ತಯಾರಾಗುತ್ತದೆ. ಪ್ರೋಟೀನಿನ ಉದ್ದ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುವುದು ಇದರ ಕೆಲಸ. ತುಂಡು ಸಣ್ಣದಾದಂತೆ ನೀರಿನಲ್ಲಿ ಕರಗುತ್ತದೆ, ಉಳಿದದ್ದನ್ನು ಸೋಪಿನ ಅಂಶ ಎತ್ತಿಕೊಂಡು ಹೋಗುತ್ತದೆ. ಕತ್ತರಿಸುವಾಗ ಎಂಜೈಮ್ ತಾನು ಖರ್ಚಾಗುವುದಿಲ್ಲ, ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಹೋಗುತ್ತದೆ. ಹಾಗಾಗಿ ಪೌಡರ್ ದುಪ್ಪಟ್ಟು ಹಾಕುವುದಕ್ಕಿಂತ ಹೊತ್ತು ಜಾಸ್ತಿ ಕೊಡುವುದು ಲಾಭ. ಜನ ಮಾಡುವುದು ಉಲ್ಟಾ!

ಆದರೆ ಪ್ರೋಟಿಯೇಸ್ ಕೂಡ ಒಂದು ಪ್ರೋಟೀನೇ ಅಲ್ವಾ? ಕುದಿಯುವ ನೀರಿಗೆ ಪೌಡರ್ ಸುರಿದರೆ ಕಲೆಯ ಜೊತೆ ಅದೂ ಬೇಯುತ್ತದೆ. ಕಲೆ ಗಟ್ಟಿಯಾಯಿತು, ಅದನ್ನು ಕತ್ತರಿಸಬೇಕಾದದ್ದೂ ಸತ್ತಿತು, ದುಡ್ಡು ಎರಡು ಕಡೆಯಿಂದ ಹೋಯಿತು. ಕೈಗೆ ಹಿತವಾಗುವ ಉಗುರುಬೆಚ್ಚಗಿನ ನೀರು, 40 ಡಿಗ್ರಿ ಆಸುಪಾಸು, ಇದಕ್ಕೆ ಸಾಕು. ಧಾರವಾಡದ ಡಿಸೆಂಬರ್ ಬೆಳಗಿನ ನಲ್ಲಿ ನೀರಿನಲ್ಲಿ ಅದು ಕೆಲಸ ಮಾಡಿದರೂ ಬಹಳ ನಿಧಾನ, ಆಗ ರಾತ್ರಿಯಿಡೀ ನೆನೆಸಿ. ಬ್ಲೀಚ್ ಮಾತ್ರ ಜೊತೆಗೆ ಹಾಕಬೇಡಿ. ಕ್ಲೋರಿನ್ ಸಹ ಎಂಜೈಮನ್ನು ಕೊಲ್ಲುತ್ತದೆ.

ನಮ್ಮ ಮಷೀನಿನಲ್ಲಿ ಸರದಿ ಹೀಗಿದೆ. ಮೊದಲು ತಣ್ಣೀರು ಬಿಟ್ಟು ಕೆಲವು ನಿಮಿಷ ತಿರುಗಿಸಿ ಚೆಲ್ಲುತ್ತೇವೆ, ಕೆಂಪು ನೀರು ತಿಳಿಯಾಗುವ ತನಕ. ಆಮೇಲೆ ಎಂಜೈಮ್ ಪೌಡರ್ ಹಾಕಿ 40 ಡಿಗ್ರಿಯಲ್ಲಿ ಕಾಲು ಗಂಟೆ. ಆ ನೀರು ಹೋದ ಮೇಲೆಯೇ ಬಾಯ್ಲರಿನ ಸ್ಟೀಮ್ ತೆರೆಯುವುದು. ಬ್ರಿಟನ್ನಿನ ಆಸ್ಪತ್ರೆ ಲಾಂಡ್ರಿಗಳಲ್ಲಿ ರೋಗಾಣು ಕೊಲ್ಲಲು 65 ಡಿಗ್ರಿಯಲ್ಲಿ 10 ನಿಮಿಷ ಇಲ್ಲವೇ 71ರಲ್ಲಿ 3 ನಿಮಿಷ ಅನ್ನುವ ಲೆಕ್ಕವಿದೆ, ಬಟ್ಟೆ ಪೂರ್ತಿ ಕಾಯಲು ಹಿಡಿಯುವ ಹೊತ್ತು ಬೇರೆ. ಆ ಹೊತ್ತಿಗೆ ಬಟ್ಟೆಯಲ್ಲಿ ಗಟ್ಟಿಯಾಗಲು ಪ್ರೋಟೀನೇ ಉಳಿದಿರುವುದಿಲ್ಲ.

ಬೆಂದು ಬಂದ ಆ ಶೀಟುಗಳು ಪೂರ್ತಿ ಕೆಟ್ಟವು ಅಂತೇನಿಲ್ಲ. ಪ್ರೋಟಿಯೇಸ್ ಬೆಂದ ಪ್ರೋಟೀನನ್ನೂ ಕತ್ತರಿಸುತ್ತದೆ, ಆದರೆ ಸಿಕ್ಕಿನ ಒಳಗೆ ನುಗ್ಗಲು ತುಂಬಾ ಹೊತ್ತು ಬೇಕು. ಬೆಚ್ಚಗಿನ ಎಂಜೈಮ್ ನೀರಿನಲ್ಲಿ ಸಂಜೆ ಮುಳುಗಿಸಿ, ನಡುವೆ ಒಮ್ಮೆ ಹೊಸ ನೀರು, ಹೊಸ ಪೌಡರ್ ಕೊಟ್ಟೆವು. ಬೆಳಿಗ್ಗೆ ನೋಡಿದರೆ ಕಂದು ಹೋಗಿ ಅಂಚಿನಲ್ಲಿ ತೆಳು ಹಳದಿ ಗೆರೆ ಉಳಿದಿತ್ತು. ಅದು ಹಿಮೋಗ್ಲೋಬಿನ್ನಿನ ಕಬ್ಬಿಣ, ತುಕ್ಕಿನ ಜಾತಿಯದ್ದು. ಅದಕ್ಕೆ ಎಷ್ಟು ಎಂಜೈಮ್ ಹಾಕಿದರೂ ಉಪಯೋಗವಿಲ್ಲ. ತುಕ್ಕಿಗೆ ಬಳಸುವ ಆಕ್ಸಾಲಿಕ್ ಆಸಿಡ್ಡನ್ನು ತೆಳುವಾಗಿ ಹಚ್ಚಿ ಚೆನ್ನಾಗಿ ಜಾಲಿಸಿದ ಮೇಲೆ ಹೋಯಿತು. ಅದು ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮಕ್ಕಳಿರುವ ಮನೆಯಲ್ಲಿ ಇಡಲೂಬೇಡಿ.

ಹಾಲಿನ ಕತೆ ಸ್ವಲ್ಪ ಬೇರೆ. ಹಾಲಿನ ಮುಖ್ಯ ಪ್ರೋಟೀನು ಕೇಸಿನ್, ಅದು ಬಿಸಿಗೆ ಅಷ್ಟು ಸುಲಭಕ್ಕೆ ಗಟ್ಟಿಯಾಗುವುದಿಲ್ಲ, ಇಲ್ಲದಿದ್ದರೆ ದಿನಾ ಕಾಯಿಸಿದ ಹಾಲು ಒಡೆಯಬೇಕಿತ್ತು. ಕೇಸಿನ್ ಹೆದರುವುದು ಹುಳಿಗೆ. ಆದ್ದರಿಂದ ಹಾಲಿನ ಕಲೆಗೆ ನಿಂಬೆಹಣ್ಣು ಉಜ್ಜಿದರೆ ಬಟ್ಟೆ ಮೇಲೇ ಒಡೆದ ಹಾಲು ಮಾಡಿದ ಹಾಗೆ. ಬಿಸಿಗೆ ಗಟ್ಟಿಯಾಗುವುದು ಹಾಲು ಒಡೆದಾಗ ನೀರಿನಲ್ಲಿ ಉಳಿಯುವ ವ್ಹೇ ಪ್ರೋಟೀನು, 70 ಡಿಗ್ರಿ ಮೇಲೆ. ಜೊತೆಗೆ ಹಾಲಿನಲ್ಲಿ ಸಕ್ಕರೆ ಇದೆ. ತೊಳೆಯದ ಹಾಲಿನ ಕಲೆ ಕಣ್ಣಿಗೆ ಕಾಣುವುದಿಲ್ಲ, ಇಸ್ತ್ರಿ ಬಿದ್ದ ಮೇಲೆ ಪ್ರೋಟೀನು ಸಕ್ಕರೆ ಕೂಡಿ ಹಳದಿಯಾಗಿ ಎದ್ದು ಕಾಣುತ್ತದೆ. ಪೇಡೆ ಮಾಡುವವರ ಕೈಬಟ್ಟೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟ, ಆ ಹಾಲು ಬಾಣಲೆಯಲ್ಲೇ ಕಂದಾಗುವ ತನಕ ಬೆಂದಿರುತ್ತದೆ. ಮೇಲೆ ಜಿಡ್ಡು. ಜಿಡ್ಡಿಗೆ ಬಿಸಿ ಬೇಕು, ಪ್ರೋಟೀನಿಗೆ ಬೇಡ, ಹಾಗಾಗಿ ಮೊದಲು ಎಂಜೈಮಿನಲ್ಲಿ ಬೆಚ್ಚಗೆ ನೆನೆಸಿ, ಅದು ಮುಗಿದ ಮೇಲೆ ಬಿಸಿನೀರಿನಲ್ಲಿ ಒಗೆಯುತ್ತೇವೆ.

ಮನೆಯಲ್ಲಿ ಮಾಡುವವರು ಪ್ಯಾಕೆಟ್ ಹಿಂದೆ ಎಂಜೈಮ್ ಅಂತ ಬರೆದಿದೆಯಾ ನೋಡಿಕೊಳ್ಳಿ, ಸಾಮಾನ್ಯ ಬಾರ್ ಸೋಪಿನಲ್ಲಿ ಇರುವುದಿಲ್ಲ. ಅರ್ಧ ಬಕೆಟ್ ಬೆಚ್ಚಗಿನ ನೀರಿಗೆ ಪ್ಯಾಕೆಟ್ ಹೇಳಿದಷ್ಟು ಪೌಡರ್, ಕನಿಷ್ಠ ಒಂದು ಗಂಟೆ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಬೇಡ. ರೇಷ್ಮೆ, ಉಣ್ಣೆಗೆ ಮಾತ್ರ ಈ ಪೌಡರ್ ಬೇಡವೇ ಬೇಡ, ಅವೂ ಪ್ರೋಟೀನೇ, ಎಂಜೈಮಿಗೆ ಕಲೆ ಯಾವುದು ಎಳೆ ಯಾವುದು ಗೊತ್ತಾಗುವುದಿಲ್ಲ. ಇಳಕಲ್ ಸೀರೆಯ ಒಡಲು ಹತ್ತಿಯದಿದ್ದರೂ ಸೆರಗು ಅಸಲಿ ರೇಷ್ಮೆ ಇದ್ದರೆ, ಬರೀ ತಣ್ಣೀರಿನಲ್ಲಿ ಒತ್ತಿ ಕಲೆ ತೆಗೆಯಿರಿ. ಹೋಗದಿದ್ದರೆ ಡ್ರೈ ಕ್ಲೀನಿಂಗಿಗೆ ಕೊಡಿ, ಕೊಡುವಾಗ ಅದು ರಕ್ತವೋ ಹಾಲೋ ಅಂತ ಹೇಳಿ.