ಸೀಟು ಸಿಕ್ಕಿತ್ತು, ಟಿಕೆಟ್ ಇರಲಿಲ್ಲ

"ಸೀಟು ಕೊಟ್ಟಿದ್ದಾರಲ್ಲಮ್ಮಾ, ಇನ್ನೇನು ಕೇಳಬೇಕು?" ಎಂದು ಮೇಷ್ಟ್ರು ಕಳೆದ ಮಂಗಳವಾರ ರಾತ್ರಿ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಫೋನಿನಲ್ಲಿ ಕೇಳಿದ ಮಾತು ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಎಂಟನೇ ತರಗತಿಯಲ್ಲಿ ನನಗೆ ಗಣಿತ ಕಲಿಸಿದವರು ಅವರು. ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ಮ್ಯೂನಿಕ್‌ಗೆ ಹೊರಟಿದ್ದರು. ಟಿಕೆಟ್ ಮಾಡಿಕೊಟ್ಟವಳು ದಾವಣಗೆರೆಯಲ್ಲಿ ಹನ್ನೊಂದು ವರ್ಷಗಳಿಂದ ಟ್ರಾವೆಲ್ ಏಜೆನ್ಸಿ ನಡೆಸುತ್ತಿರುವ ನಾನು.

ಲಗೇಜು ಒಪ್ಪಿಸಿ ಆದಮೇಲೆ, ರಾತ್ರಿ ಒಂಬತ್ತರ ಹೊತ್ತಿಗೆ, ಅವರ ವಿಮಾನ ರದ್ದಾಯಿತು. ಮೊದಲು ಬಂದದ್ದು ಮೊಬೈಲ್ ಸಂದೇಶ; ಅದರಲ್ಲಿ ಹಣ ವಾಪಸ್ ಪಡೆಯಲು ಒಂದು ಲಿಂಕ್ ಇತ್ತು. ಅದನ್ನು ಒತ್ತುವ ಮೊದಲು ಅವರು ನನಗೆ ಕರೆ ಮಾಡಿದ್ದು ದೊಡ್ಡ ಪುಣ್ಯ. ಟಿಕೆಟ್ಟಿನಲ್ಲಿ ಪ್ರಯಾಣದ ಒಂದೊಂದು ಹಂತಕ್ಕೂ ಒಂದೊಂದು ಕೂಪನ್ ಇರುತ್ತದೆ. ಹಣ ವಾಪಸಿಗೆ ಒಪ್ಪಿದೊಡನೆ ಆ ಕೂಪನ್‌ಗಳ ಸ್ಥಿತಿ ನಮ್ಮ ಪರದೆಯ ಮೇಲೆ O ಇದ್ದದ್ದು R ಆಗುತ್ತದೆ, ಎಂದರೆ ಬಳಸಬಹುದಾದದ್ದು ಮರುಪಾವತಿಯಾದದ್ದಾಗುತ್ತದೆ. ಅಲ್ಲಿಗೆ ಆ ಟಿಕೆಟ್ ತೀರಿತು. ಬೇರೆ ಸಂಸ್ಥೆಗೆ ವರ್ಗಾಯಿಸಲು ಏನೂ ಉಳಿಯುವುದಿಲ್ಲ. ಮೂರು ತಿಂಗಳ ಹಿಂದಿನ ದರದಲ್ಲಿ ಕೊಟ್ಟ ಹಣ ಮರಳಬಹುದು, ಆದರೆ ಅದೇ ರಾತ್ರಿಯ ಪ್ರಯಾಣಕ್ಕೆ ಆ ರಾತ್ರಿಯ ದರವನ್ನು ನಾವೇ ತೆರಬೇಕಾಗುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ ರದ್ದತಿಯ ಸಂದರ್ಭದಲ್ಲಿ ಬದಲಿ ವಿಮಾನ ಅಥವಾ ಹಣ ವಾಪಸ್, ಎರಡರಲ್ಲಿ ಪ್ರಯಾಣಿಕ ಒಪ್ಪುವುದನ್ನು ಕೊಡಬೇಕು. ಹೀಗಿರುವಾಗ ಸಂದೇಶದಲ್ಲಿ ಒಂದು ಆಯ್ಕೆಯನ್ನಷ್ಟೇ ಮುಂದಿಟ್ಟು ಇನ್ನೊಂದನ್ನು ಹೇಳದೆ ಬಿಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಕೌಂಟರಿನ ಹುಡುಗಿ ಮೊದಲು ಎರಡು ದಿನಗಳ ನಂತರದ ತಮ್ಮದೇ ವಿಮಾನವನ್ನು ಕೊಡಲು ಬಂದಳು. ಬೇರೆ ಸಂಸ್ಥೆಯಲ್ಲಿ ಕಳಿಸಿ ಎಂದು ಕೇಳಿ ಎಂದೆ. ಮೇಷ್ಟ್ರು ಟಿಕೆಟ್ಟಿನ ಪ್ರತಿಯನ್ನು ಓದಿ, "ಇದರಲ್ಲಿ NON-END ಅಂತ ಇದೆಯಲ್ಲಮ್ಮಾ" ಎಂದು ಹಿಂಜರಿದರು. ಬೇರೆ ಸಂಸ್ಥೆಗೆ ವರ್ಗಾಯಿಸಲಾಗದು ಎಂಬ ಆ ಷರತ್ತು ನಾವಾಗಿಯೇ ಮನಸ್ಸು ಬದಲಿಸಿದಾಗ ಅನ್ವಯಿಸುವಂಥದ್ದು. ಸಂಸ್ಥೆಯೇ ವಿಮಾನ ರದ್ದು ಮಾಡಿದಾಗ ಆಗುವ ಬದಲಾವಣೆಯನ್ನು ಅವರ ಭಾಷೆಯಲ್ಲಿ ಇನ್ವಾಲಂಟರಿ ರೀರೂಟಿಂಗ್ ಎನ್ನುತ್ತಾರೆ. ಅದರಲ್ಲಿ ದರದ ಷರತ್ತು ಅಡ್ಡಬರುವುದಿಲ್ಲ, ದರವ್ಯತ್ಯಾಸವನ್ನೂ ಕೇಳುವಂತಿಲ್ಲ. ಅಡ್ಡಬರುವುದು ಬೇರೆಯದು: ಎರಡು ಸಂಸ್ಥೆಗಳ ನಡುವೆ ಇಂಟರ್‌ಲೈನ್ ಒಪ್ಪಂದ, ಅಂದರೆ ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರು ಒಪ್ಪಿಕೊಳ್ಳುವ ಕರಾರು, ಇರಬೇಕು. ಕಡಿಮೆ ದರದ ಎಷ್ಟೋ ಸಂಸ್ಥೆಗಳಿಗೆ ಅಂಥ ಒಪ್ಪಂದವೇ ಇರುವುದಿಲ್ಲ. ಆದ್ದರಿಂದ "ಯಾವುದಾದರೂ ವಿಮಾನಕ್ಕೆ ಹಾಕಿ" ಎಂದು ಗೋಗರೆಯುವ ಬದಲು, "ನಿಮಗೆ ಯಾರೊಂದಿಗೆ ಇಂಟರ್‌ಲೈನ್ ಇದೆ, ಅವರಲ್ಲಿ ಈ ರಾತ್ರಿ ಯಾರಲ್ಲಿ ಸೀಟಿದೆ" ಎಂದು ಕೇಳಿಸಿದೆ.

ಹುಡುಗಿ ಹುಡುಕಿ ಮೊದಲು ಲಂಡನ್ ಮಾರ್ಗ ಹೇಳಿದಳು. ಅದು ಬೇಡವೆಂದೆ. ಲಂಡನ್ನಿನಲ್ಲಿ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಇವರ ಬಳಿ ಇದ್ದ ಅಲ್ಪಾವಧಿಯ ಷೆಂಗನ್ ವೀಸಾದಿಂದ ಆ ಅಗತ್ಯ ತಪ್ಪುವುದಿಲ್ಲ. ನಂತರ ಪ್ಯಾರಿಸ್ ಮಾರ್ಗ ಸಿಕ್ಕಿತು, ಹೊರಡುವುದು ರಾತ್ರಿ ಎರಡರ ನಂತರ. ಒಂದು ಚೀಟಿಯಲ್ಲಿ ವಿಮಾನದ ಸಂಖ್ಯೆಯನ್ನೂ ಆರು ಅಕ್ಷರಗಳ ಬುಕಿಂಗ್ ಸಂಖ್ಯೆಯನ್ನೂ ಬರೆದುಕೊಟ್ಟು ಆ ಸಂಸ್ಥೆಯ ಕೌಂಟರಿಗೆ ಹೋಗಿ ಎಂದಳು. ಮೇಷ್ಟ್ರು ಆ ಮಾತು ಹೇಳಿದ್ದು ಆಗಲೇ. ಸೀಟು ಕೊಟ್ಟಿದ್ದಾರಲ್ಲಮ್ಮಾ.

"ಹೊಸ ಟಿಕೆಟ್ ಸಂಖ್ಯೆ ಕೇಳಿ ಮೇಷ್ಟ್ರೇ, ಹದಿಮೂರು ಅಂಕಿ ಇರುತ್ತದೆ" ಎಂದೆ. ಹಿಂದೆ ಉದ್ದನೆಯ ಸಾಲಿದೆ, ಪಾಪ ಆ ಮಗುವನ್ನು ಇನ್ನೆಷ್ಟು ಕಾಡುವುದು ಎಂದು ಹೇಳಿ ಅವರು ಚೀಟಿ ಹಿಡಿದು ನಡೆದೇಬಿಟ್ಟರು. ಅವರು ತರಗತಿಯಲ್ಲೂ ಹಾಗೆಯೇ ಇದ್ದವರು. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಕೇಳುವುದು ಹೇಳಿದವರ ಮೇಲೆ ಅಪನಂಬಿಕೆ ತೋರಿದಂತೆ ಎಂದು ನಮಗೂ ಕಲಿಸಿದ್ದರು. ಇಪ್ಪತ್ತು ನಿಮಿಷಗಳ ನಂತರ ಮತ್ತೆ ಕರೆ ಬಂತು. ಆ ಕೌಂಟರಿನವರು ಹೇಳಿದ್ದು ಇಷ್ಟು: "ಬುಕಿಂಗ್ ಇದೆ, ಟಿಕೆಟ್ ಇಲ್ಲ."

ನನ್ನ ಪರದೆಯಲ್ಲೂ ಅದೇ ಕಾಣುತ್ತಿತ್ತು. ಹೊಸ ವಿಮಾನದ ಸೀಟು HK, ಅಂದರೆ ಖಚಿತವಾಗಿತ್ತು. ಆದರೆ ಹಳೆಯ ಟಿಕೆಟ್ಟಿನ ಕೂಪನ್‌ಗಳೆಲ್ಲ ಇನ್ನೂ O ಸ್ಥಿತಿಯಲ್ಲಿ, ರದ್ದಾದ ವಿಮಾನದ ಹೆಸರಿನಲ್ಲೇ ಕುಳಿತಿದ್ದವು. ಸೀಟು ಎಂಬುದು ಕಾಯ್ದಿಟ್ಟ ಜಾಗ. ಟಿಕೆಟ್ ಎಂಬುದು ಆ ಪ್ರಯಾಣಕ್ಕೆ ಹಣ ಯಾರಿಂದ ಸಲ್ಲುತ್ತದೆ ಎಂಬುದಕ್ಕೆ ಆಧಾರ. ಆ ಆಧಾರವಿಲ್ಲದೆ ಎರಡನೆಯ ಸಂಸ್ಥೆ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ. ರದ್ದು ಮಾಡಿದ ಸಂಸ್ಥೆ ಹಳೆಯ ಕೂಪನ್‌ಗಳನ್ನು E, ಅಂದರೆ ಬದಲಾಯಿಸಲಾದದ್ದು, ಎಂದು ಮಾಡಿ ಹೊಸ ಟಿಕೆಟ್ ಹೊರಡಿಸಬೇಕು. ಆ ಹೊಸ ಟಿಕೆಟ್ಟಿನ ಮೊದಲ ಮೂರು ಅಂಕಿಗಳು ಹಳೆಯ ಸಂಸ್ಥೆಯವೇ ಆಗಿರುತ್ತವೆ, ಏಕೆಂದರೆ ಕರೆದೊಯ್ಯುವವರು ಬೇರೆಯಾದರೂ ಹಣದ ಲೆಕ್ಕ ಆ ಎರಡು ಸಂಸ್ಥೆಗಳ ನಡುವೆ ಆಮೇಲೆ ತೀರುತ್ತದೆ. ಪ್ರಯಾಣಿಕನಿಗೆ ಆ ಲೆಕ್ಕ ಸೇರಿದ್ದಲ್ಲ.

ಮೇಷ್ಟ್ರನ್ನು ಹಿಂದಕ್ಕೆ ಕಳಿಸಿ, ಫೋನನ್ನು ಆ ಹುಡುಗಿಯ ಕೈಗೆ ಕೊಡಿಸಿದೆ. ಆಕೆ ಸುಳ್ಳು ಹೇಳಿದವಳಲ್ಲ. ಸೀಟು ಹಿಡಿಯುವ ಕೆಲಸವನ್ನು ತಾನು ಮಾಡಿ, ಟಿಕೆಟ್ ಮರುವಿತರಣೆಯನ್ನು ಒಳಗಿನ ಟಿಕೆಟಿಂಗ್ ಮೇಜಿಗೆ ಬಿಟ್ಟಿದ್ದಳು. ಅಲ್ಲಿ ಸರದಿ ಬೆಳೆದಿತ್ತು. ನಾನೇ ಇಲ್ಲಿಂದ ಮಾಡಿಬಿಡಬಹುದಿತ್ತಲ್ಲ ಎಂದು ಮೇಷ್ಟ್ರ ಹೆಂಡತಿ ಆಮೇಲೆ ಕೇಳಿದರು. ಸಂಸ್ಥೆಯ ಅನುಮತಿಯಿಲ್ಲದೆ ಏಜೆಂಟರು ಇಂಥ ಟಿಕೆಟ್ಟನ್ನು ಬದಲಿಸಿದರೆ ಅದು ಪ್ರಯಾಣಿಕರ ಇಚ್ಛೆಯ ಬದಲಾವಣೆಯೆಂದು ಲೆಕ್ಕವಾಗಿ ದಂಡ, ದರವ್ಯತ್ಯಾಸ ಎರಡೂ ಬೀಳುತ್ತವೆ.

ಫೋನಿನಲ್ಲಿ ನಾಲ್ಕು ವಿಷಯ ಕೇಳಿದೆ. ಇಬ್ಬರ ಹೊಸ ಟಿಕೆಟ್ ಸಂಖ್ಯೆ ಯಾವುದು. ಇದು ಪ್ರಯಾಣಿಕರ ಇಚ್ಛೆಯ ಬದಲಾವಣೆಯಲ್ಲ ಎಂಬುದಕ್ಕೆ ಟಿಕೆಟ್ಟಿನ ಷರತ್ತಿನ ಸಾಲಿನಲ್ಲಿ INVOL ಎಂದು ದಾಖಲಿಸಿದ್ದೀರಾ. ಹಿಂದಿರುಗುವ ಪ್ರಯಾಣದ ಕೂಪನ್‌ಗಳೂ ಹೊಸ ಟಿಕೆಟ್ಟಿನಲ್ಲಿ O ಸ್ಥಿತಿಯಲ್ಲಿ ಇವೆಯೇ. ಒಪ್ಪಿಸಿದ ಚೀಲಗಳನ್ನು ಹೊರತೆಗೆಸಿ ಹೊಸ ಪಟ್ಟಿ ಅಂಟಿಸುವವರು ಯಾರು. ಮೂರನೆಯದನ್ನು ನಾನು ಒತ್ತಿ ಕೇಳಿದೆ. ಹೋಗುವ ಕೂಪನ್ ಹಳೆಯ ಟಿಕೆಟ್ಟಿನಲ್ಲೇ ಬಳಕೆಯಾಗದೆ ಉಳಿದರೆ ಪ್ರಯಾಣಿಕ ಬರಲೇ ಇಲ್ಲವೆಂದು ದಾಖಲಾಗಿ, ಮರಳುವ ಸೀಟುಗಳು ತಾವಾಗಿಯೇ ರದ್ದಾಗುವುದುಂಟು. ಅದು ಗೊತ್ತಾಗುವುದು ತಿಂಗಳುಗಳ ನಂತರ, ಪರದೇಶದ ವಿಮಾನ ನಿಲ್ದಾಣದಲ್ಲಿ. ಹುಡುಗಿ ಒಳಗೆ ಹೋಗಿ ಬಂದಳು. ಹನ್ನೆರಡೂವರೆಗೆ ಹೊಸ ಸಂಖ್ಯೆಗಳನ್ನು ಓದಿ ಹೇಳಿದಳು, ನಾನು ಒಂದೊಂದು ಅಂಕಿಯನ್ನೂ ತಿರುಗಿ ಓದಿ ಹೇಳಿದೆ. ಚೀಲಗಳು ಬರಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಕೌಂಟರ್ ಮುಚ್ಚುವುದಕ್ಕೆ ಸ್ವಲ್ಪ ಮೊದಲು ಅವರಿಗೆ ಬೋರ್ಡಿಂಗ್ ಪಾಸ್ ಸಿಕ್ಕಿತು.

ಇದನ್ನೆಲ್ಲ ಬಲ್ಲವಳು ಫೋನಿನ ಈ ತುದಿಯಲ್ಲಿ ಇದ್ದದ್ದರಿಂದ ಅವರು ಹೋದರು. ಅವರ ಹಿಂದಿನ ಸಾಲಿನಲ್ಲಿ ಅಂಥದೇ ಚೀಟಿ ಹಿಡಿದು ನಿಂತವರ ಗತಿ ಏನಾಯಿತೋ ಎಂಬ ಚಿಂತೆ ಆ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. ಟಿಕೆಟ್ ಮಾರುವಾಗ ಲಗೇಜಿನ ತೂಕ, ಊಟದ ಆಯ್ಕೆ ಎಲ್ಲವನ್ನೂ ವಿವರಿಸುವ ನಾನು, ವಿಮಾನ ರದ್ದಾದರೆ ಏನು ಕೇಳಬೇಕೆಂಬುದನ್ನು ಮೇಷ್ಟ್ರಿಗೆ ಮೊದಲೇ ಹೇಳಿರಲಿಲ್ಲ. ಆ ತಪ್ಪು ನನ್ನದು. ಬುಧವಾರದಿಂದ ನಮ್ಮ ಅಂಗಡಿಯಲ್ಲಿ ಕೊಡುವ ಪ್ರತಿ ಟಿಕೆಟ್ ಪ್ರತಿಯ ಹಿಂಬದಿಯಲ್ಲಿ ಆ ನಾಲ್ಕು ಪ್ರಶ್ನೆಗಳನ್ನು ಕೈಯಲ್ಲೇ ಬರೆದುಕೊಡುತ್ತಿದ್ದೇನೆ, ಮೇಲುಗಡೆ ಹಣ ವಾಪಸ್ ಲಿಂಕನ್ನು ಆತುರದಲ್ಲಿ ಒತ್ತಬೇಡಿ ಎಂಬ ಸಾಲಿನೊಡನೆ.

ನಿನ್ನೆ ಮ್ಯೂನಿಕ್‌ನಿಂದ ಮೇಷ್ಟ್ರು ಕರೆ ಮಾಡಿದ್ದರು. ಮಗುವಿನ ಸುದ್ದಿ ಹೇಳಿ ಮುಗಿಸಿದ ಮೇಲೆ, "ವಾಪಸು ಬರುವುದರ ಕೂಪನ್ ಏನಾಗಿದೆ, ನೋಡಮ್ಮಾ" ಎಂದರು. ತೆಗೆದು ನೋಡಿದೆ. ಇಬ್ಬರದೂ O ಇತ್ತು.