060 ಅಂದ್ರೆ ಯಾವ ದಿನ?

ನಮ್ಮ ಮಸಾಲೆ ಪುಡಿ ಯೂನಿಟ್‌ನಲ್ಲಿ ಪ್ಯಾಕೆಟ್ ಮೇಲೆ ಐದೇ ಅಂಕಿ ಹೊಡೀತೀವಿ, ಮೊದಲೆರಡು ವರ್ಷ, ಉಳಿದ ಮೂರು ವರ್ಷದ ಎಷ್ಟನೇ ದಿನ ಅನ್ನೋದು. 2024ರ ಆಗಸ್ಟ್ 15 ಅಂದ್ರೆ ಜುಲೈ ಕೊನೆವರೆಗೆ 213, ಅದಕ್ಕೆ 15 ಸೇರಿಸಿ 228, ಕೋಡ್ 24228. ಅದೇ ದಿನ 2025ರಲ್ಲಿ 25227, ಯಾಕಂದ್ರೆ ಫೆಬ್ರವರಿ 29 ಇಲ್ಲ.

ಈ ಒಂದು ದಿನಾನೇ ಕಾಡಿದ್ದು. 2024ರಲ್ಲಿ ಫೆಬ್ರವರಿ 29ಕ್ಕೆ ಸರಿಯಾಗಿ 24060 ಹೊಡೆದ್ವಿ, ಮರುದಿನ ಬೆಳಗಿನ ಶಿಫ್ಟ್‌ನವರು ಗೋಡೆ ಮೇಲಿದ್ದ ಹಿಂದಿನ ವರ್ಷದ ಚಾರ್ಟ್ ನೋಡಿ ಮಾರ್ಚ್ 1ಕ್ಕೂ 24060 ಹಾಕಿಬಿಟ್ರು, 061 ಆಗ್ಬೇಕಿತ್ತು. ಎರಡು ದಿನದ ಸಾರಿನ ಪುಡಿ ಒಂದೇ ನಂಬರಲ್ಲಿ. ಒಂದು ದಿನದ ಪುಡೀಲಿ ತೇವ ಜಾಸ್ತಿ ಅಂತ ಗೊತ್ತಾದಾಗ ಬೇರ್ಪಡಿಸೋಕೆ ದಾರಿನೇ ಇರ್ಲಿಲ್ಲ, ಎರಡನ್ನೂ ವಾಪಸ್ ತರಿಸಿದ್ವಿ. ತುಂಬಾ ಬೇಜಾರಾಯ್ತು, ಒಂದು ದಿನದ್ದು ಚೆನ್ನಾಗೇ ಇತ್ತು.

ಈಗ ಚಾರ್ಟ್ ತೆಗೆದು ಶೀಟಲ್ಲಿ ಇದನ್ನ ಹಾಕಿದೀನಿ:

```
=TEXT(A1,"yy")&TEXT(A1-DATE(YEAR(A1),1,0),"000")
```

ಕೊನೇ "000" ಬಿಡಬೇಡಿ, ಇಲ್ಲಾಂದ್ರೆ ಜನವರಿ 5ಕ್ಕೆ 24005 ಬದಲು 245 ಬರುತ್ತೆ. ಚಾರ್ಟೇ ಬೇಕು ಅನ್ನೋರು ಡಿಸೆಂಬರ್ 31ರ ಮನೆ ನೋಡ್ಕೊಳ್ಳಿ, ಅಧಿಕ ವರ್ಷದ್ದಾದ್ರೆ ಅಲ್ಲಿ 366 ಇರ್ಬೇಕು.