ಬಾಯಿ ತೆರೆದ ‘ಜಿ’: ಗೆದ್ದಲು ಹಿಡಿದ ಪುಟದ ಮೊಳೆ ಹುಡುಕಾಟ

ನಮ್ಮ ಸಂಘದ ಹಳೆಯ ವಾರ್ಷಿಕ ವರದಿಯ ಕೆಲಸ ಎಲ್ಲಿಗೆ ಬಂತು ಅಂತ ಮಾಟುಂಗಾ ಮಾರ್ಕೆಟ್‌ನಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದಾರೆ. ಕನ್ನಡದ ಪುಟಗಳು ಸಿದ್ಧ. ಕೈಕಟ್ಟಿ ಕೂರಿಸಿರುವುದು ಒಂದೇ ಒಂದು ಇಂಗ್ಲಿಷ್ ಪುಟ. ಅದರ ಮಾತುಗಳನ್ನು ಹೇಗೋ ಓದಿ ಟೈಪ್ ಮಾಡಿಯಾಗಿದೆ. ಆದರೆ ಹಳೆಯ ಪುಟ ಯಾವ ಮೊಳೆಯಲ್ಲಿ, ಅಂದರೆ ಯಾವ ಸೀಸದ ಅಕ್ಷರದಲ್ಲಿ, ಜೋಡಿಸಿದ್ದೋ ಅದೇ ಜಾತಿಯ ಫಾಂಟ್‌ನಲ್ಲಿ ಹೊಸದೂ ಬರಬೇಕು ಎಂಬುದು ನನ್ನ ಹಟ. ಕಮಿಟಿಯವರಿಗೆ ಇದು ಸುಮ್ನೆ ತಲೆಹರಟೆ ಅನ್ನಿಸಿದೆ, ಇರಲಿ.

ನನ್ನ ಹತ್ತಿರ ಇದ್ದದ್ದು ಆ ಪುಟದ ಪಿಡಿಎಫ್. ಯಾರೋ ಯಾವತ್ತೋ ಸ್ಕ್ಯಾನ್ ಮಾಡಿಟ್ಟದ್ದು. ಪೂರ್ತಿ ಕಪ್ಪು ಬಿಳುಪು, ನಡುವೆ ಬೂದು ಬಣ್ಣವೇ ಇಲ್ಲ. ಮೇಲಿನ ಸಾಲುಗಳಿಗೆ ಅಡ್ಡಲಾಗಿ ಟೇಪ್ ಅಂಟಿಸಿದ ಕಲೆ ಇದೆ, ಹಾಗಾಗಿ ಅಲ್ಲಿ ಅಕ್ಷರಗಳ ಮೇಲರ್ಧ ಮಾತ್ರ ಕಾಣುತ್ತದೆ. ಕೆಳಗಿನ ಸಾಲುಗಳಲ್ಲಿ ಗೆದ್ದಲು ದಾರಿ ಮಾಡಿದೆ, ಅಲ್ಲಿ ಕೆಳಗಿನರ್ಧ ಮಾತ್ರ ಉಳಿದಿದೆ. ಮಧ್ಯದಲ್ಲಿ ಕೆಲವು ಪದಗಳು ಇಡಿಯಾಗಿ ಸಿಗುತ್ತವೆ. ಮುದ್ರಣಾಲಯದ ಹೆಸರು, ಇಸವಿ ಇರಬೇಕಾದ ಮೂಲೆ ಗೆದ್ದಲಿನ ಹೊಟ್ಟೆ ಸೇರಿದೆ.

ಇಂಗ್ಲಿಷ್ ಓದುವುದಕ್ಕಷ್ಟೇ ಆದರೆ ಮೇಲರ್ಧ ಸಾಕು. ಸಾಲಿನ ಕೆಳಗಿನ ಅರ್ಧಕ್ಕೆ ಕಾಗದ ಮುಚ್ಚಿ ನೋಡಿ, ಹೆಚ್ಚುಕಡಿಮೆ ಓದಲು ಬರುತ್ತದೆ. ಮೇಲರ್ಧ ಮುಚ್ಚಿದರೆ ತಿಣುಕಬೇಕಾಗುತ್ತದೆ. (ಕನ್ನಡದಲ್ಲಿ ಈ ಆಟ ಬೇರೆ. ತಲೆಕಟ್ಟು ಎಷ್ಟೋ ಅಕ್ಷರಗಳಿಗೆ ಒಂದೇ, ಒತ್ತು ಇರುವುದೂ ಕೆಳಗೇ.) ಆದರೆ ಮೊಳೆಯ ಜಾತಿ ಗುರುತಿಸುವಾಗ ಕೆಳಗಿನ ಅರ್ಧಕ್ಕೂ ಅಷ್ಟೇ ಬೆಲೆ. ನನ್ನ ಪುಟದಲ್ಲಂತೂ ಎಲ್ಲ ನಿಂತದ್ದು ಚಿಕ್ಕ ‘ಜಿ’ಯ ಬಾಲದ ಮೇಲೆ.

ಮೊದಲು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಪದೇಪದೇ ಸಿಗುವ ಮೂರು ಹೆಸರು ಇಟ್ಟುಕೊಂಡೆ. ಒಂದು ಕ್ಯಾಸ್ಲನ್, ಲಂಡನ್ನಿನ ವಿಲಿಯಂ ಕ್ಯಾಸ್ಲನ್ 18ನೇ ಶತಮಾನದಲ್ಲಿ ಕೆತ್ತಿದ್ದು. ಇನ್ನೊಂದು ಬಾಸ್ಕರ್‌ವಿಲ್, ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ 1750ರ ದಶಕದಲ್ಲಿ ಮಾಡಿಸಿದ್ದು. ಮೂರನೆಯದು ಟೈಮ್ಸ್ ನ್ಯೂ ರೋಮನ್, 1932ರಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗಾಗಿ ಬಂದದ್ದು.

ಟೈಮ್ಸ್ ಬೇಗ ಹೊರಗೆ ಹೋಯಿತು. ಇಡಿಯಾಗಿ ಉಳಿದ ಪದಗಳಲ್ಲಿ ಚಿಕ್ಕ ‘ಎಕ್ಸ್’ನ ಎತ್ತರವನ್ನು ದೊಡ್ಡಕ್ಷರದ ಎತ್ತರದಿಂದ ಭಾಗಿಸಿದೆ. ಹೀಗೆ ಅನುಪಾತ ತೆಗೆದರೆ ಸ್ಕ್ಯಾನ್ ಎಷ್ಟು ಹಿಗ್ಗಿದೆ, ಎಷ್ಟು ಕುಗ್ಗಿದೆ ಅನ್ನುವ ತಲೆನೋವು ಇಲ್ಲ. ಟೈಮ್ಸ್‌ನಲ್ಲಿ ಇದು ಸುಮಾರು 0.68. ನನ್ನ ಪುಟದಲ್ಲಿ 0.6ರ ಆಸುಪಾಸು. ಮಸಿ ಹರಡಿರಬಹುದಲ್ವಾ ಅಂತ ಕೇಳಬಹುದು. ಹರಡಿದೆ, ನಿಜ. ಆದರೆ ಮಸಿ ಹರಡಿದಾಗ ಚಿಕ್ಕಕ್ಷರಕ್ಕೂ ದೊಡ್ಡಕ್ಷರಕ್ಕೂ ಸೇರುವ ದಪ್ಪ ಒಂದೇ, ಆದ್ದರಿಂದ ಅನುಪಾತ ತುಸು ಏರಬೇಕೇ ಹೊರತು ಇಳಿಯುವುದಿಲ್ಲ. ಇದು ಟೈಮ್ಸ್ ಆಗಿದ್ದರೆ 0.68ಕ್ಕಿಂತ ಮೇಲೆಯೇ ಬರಬೇಕಿತ್ತು. ಗೆರೆಯ ದಪ್ಪವನ್ನು ಮಾತ್ರ ನಾನು ಅಳೆಯುವುದಕ್ಕೇ ಹೋಗಲಿಲ್ಲ. ಮೊಳೆ ಕಾಗದಕ್ಕೆ ಒತ್ತಿದಾಗ ಮಸಿ ಅಂಚಿನಿಂದ ಹೊರಗೆ ಹಿಂಡುತ್ತದೆ. ಆಮೇಲೆ ಕಪ್ಪು ಬಿಳುಪು ಸ್ಕ್ಯಾನ್ ಇನ್ನೊಂದಿಷ್ಟು ಸೇರಿಸುತ್ತದೆ, ಇಲ್ಲವೇ ತಿನ್ನುತ್ತದೆ. ದಪ್ಪ ನೋಡಿ ಮೊಳೆ ಹೇಳುವುದು ಇಂಥ ಪುಟದಲ್ಲಿ ಕಣಿ ಹೇಳಿದ ಹಾಗೆ.

ಉಳಿದದ್ದು ಕ್ಯಾಸ್ಲನ್ನೋ ಬಾಸ್ಕರ್‌ವಿಲ್ಲೋ ಎಂಬ ಪ್ರಶ್ನೆ. ದೊಡ್ಡ ‘ಸಿ’ ಚೆನ್ನಾಗಿ ಉಳಿದಿತ್ತು, ಆದರೆ ಪ್ರಯೋಜನವಿಲ್ಲ. ಅದರ ಮೇಲಿನ ತುದಿಗೂ ಕೆಳಗಿನ ತುದಿಗೂ ಕೊಕ್ಕೆ ಇರುವುದು ಎರಡರಲ್ಲೂ ಉಂಟು. ದೊಡ್ಡ ‘ಎ’ಯ ನೆತ್ತಿ ಬೇರೆ ಮಾಡುತ್ತದೆ. ಕ್ಯಾಸ್ಲನ್‌ನಲ್ಲಿ ನೆತ್ತಿಯನ್ನು ಓರೆಯಾಗಿ ಕೆರೆದು ತೆಗೆದಂತೆ ಒಂದು ತಗ್ಗು ಇರುತ್ತದೆ, ಬಾಸ್ಕರ್‌ವಿಲ್‌ನಲ್ಲಿ ಆ ತಗ್ಗಿಲ್ಲ. ಪುಟದಲ್ಲಿ ತಗ್ಗು ಕಾಣಲಿಲ್ಲ. ಆದರೆ ಸಣ್ಣ ಅಳತೆಯ ಮೊಳೆಯಲ್ಲಿ ಅಂಥ ತಗ್ಗನ್ನು ಮಸಿಯೇ ತುಂಬಿಬಿಡಬಹುದು. ಅದಕ್ಕೆ ಅರ್ಧ ಅಂಕ ಕೊಟ್ಟು ಮುಂದೆ ಹೋದೆ.

ಈಗ ಚಿಕ್ಕ ‘ಜಿ’. ಬಾಸ್ಕರ್‌ವಿಲ್‌ನ ಪ್ರಸಿದ್ಧ ಗುರುತು ಇದು. ಎರಡು ಹೊಟ್ಟೆಯ ‘ಜಿ’, ಅದರಲ್ಲಿ ಕೆಳಗಿನ ಹೊಟ್ಟೆ ಪೂರ್ತಿ ಮುಚ್ಚುವುದಿಲ್ಲ. ಎಡಗಡೆ ಬಾಯಿ ತೆರೆದೇ ಇರುತ್ತದೆ. ಕ್ಯಾಸ್ಲನ್‌ನಲ್ಲಿ ಮುಚ್ಚಿರುತ್ತದೆ. ನನ್ನ ಪುಟದ ಕೆಳಗಿನ ಸಾಲುಗಳಲ್ಲಿ ‘ಜಿ’ಗಳು ಧಾರಾಳವಾಗಿದ್ದವು, ಎಲ್ಲದಕ್ಕೂ ಎಡಗಡೆ ಬಾಯಿ ತೆರೆದಿತ್ತು. ಕೆಲಸ ಮುಗಿಯಿತು ಅನ್ನಿಸಬೇಕಾದ ಜಾಗ ಇದು. ಆದರೆ ಅವು ತೀರಾ ಒಂದೇ ಥರ ಇದ್ದವು. ಬಾಯಿಯ ಪಕ್ಕ ಬಾಗಿನ ಮೇಲೆ ಒಂದು ಸಣ್ಣ ಕಚ್ಚು ಇತ್ತು, ಆ ಕಚ್ಚೂ ಎಲ್ಲದರಲ್ಲೂ ಇತ್ತು.

ಕೈಯಲ್ಲಿ ಮೊಳೆ ಜೋಡಿಸಿದ ಪುಟದಲ್ಲಿ ಒಂದು ಮೊಳೆ ಒಂದೇ ಜಾಗದಲ್ಲಿ ಇರಲು ಸಾಧ್ಯ. ಪೆಟ್ಟು ಬಿದ್ದ ‘ಜಿ’ ಒಂದು ಸಾಲಿನಲ್ಲಿ ಇದ್ದರೆ ಅದೇ ಪುಟದ ಇನ್ನೊಂದು ಸಾಲಿನಲ್ಲಿ ಇರುವುದು ಬೇರೆಯೇ ‘ಜಿ’. ಹಾಗಾಗಿ ಒಂದೇ ಕಚ್ಚು ಮತ್ತೆ ಮತ್ತೆ ಬಂದರೆ ಎರಡು ಕಾರಣ ಇರಬಹುದು. ಮೊಳೆ ಎರಕ ಹೊಯ್ಯುವ ಅಚ್ಚಿನಲ್ಲೇ ದೋಷ ಇರಬೇಕು, ಇಲ್ಲವೇ ಕಂಪ್ಯೂಟರ್ ಕೈಯಾಡಿಸಿರಬೇಕು. ನೋಡಲು ಸುಲಭ ಎರಡನೆಯದು:

```
pdfimages -list varadi.pdf
```

ಪಿಡಿಎಫ್ ಒಳಗಿನ ಚಿತ್ರಗಳ ಈ ಪಟ್ಟಿಯಲ್ಲಿ, ಚಿತ್ರ ಯಾವ ವಿಧಾನದಲ್ಲಿ ಅಡಕವಾಗಿದೆ ಎಂದು ಹೇಳುವ `enc` ಕಾಲಮ್ಮಿನಲ್ಲಿ `jbig2` ಅಂತ ಬಂತು. ಜೆಬಿಗ್2 ಎಂಬುದು ಕಪ್ಪು ಬಿಳುಪು ಪುಟವನ್ನು ಚಿಕ್ಕ ಫೈಲ್ ಮಾಡುವ ವಿಧಾನ. ಇದರ ಒಂದು ಬಗೆಯಲ್ಲಿ ಪುಟದ ಪ್ರತಿ ಅಕ್ಷರವನ್ನೂ ಉಳಿಸುವುದಿಲ್ಲ. ಹತ್ತಿರಹತ್ತಿರ ಒಂದೇ ಥರ ಕಾಣುವ ಅಕ್ಷರಗಳಿಗೆ ಒಂದೇ ಚಿತ್ರ ಇಟ್ಟುಕೊಂಡು, ರಬ್ಬರ್ ಸ್ಟ್ಯಾಂಪ್ ಹೊಡೆದ ಹಾಗೆ ಎಲ್ಲ ಕಡೆ ಅದನ್ನೇ ಒತ್ತುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸಲ್ ಎಂಬವರು ಕೆಲವು ಜೆರಾಕ್ಸ್ ಕಂಪನಿ ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದರೆ 6 ಇದ್ದದ್ದು 8 ಆಗುತ್ತದೆ ಎಂದು ತೋರಿಸಿದ್ದು ಇದೇ ಕಾರಣಕ್ಕೆ. ಆದರೆ ಏನೂ ಕಳೆಯದೆ ಉಳಿಸುವ ಜೆಬಿಗ್2 ಕೂಡ ಇದೆ, ಹೆಸರು ನೋಡಿ ತೀರ್ಪು ಕೊಡುವ ಹಾಗಿಲ್ಲ. ಪಿಡಿಎಫ್‌ನಿಂದ ಚಿತ್ರವನ್ನು ಹೊರತೆಗೆದು, ಎರಡು ‘ಜಿ’ ಕತ್ತರಿಸಿ, ಸುತ್ತಲಿನ ಬಿಳಿ ತೆಗೆದು ಹೋಲಿಸಿದೆ:

```
magick g1.png -trim +repage a.png
magick g2.png -trim +repage b.png
magick compare -metric AE a.png b.png null:
```

ಉತ್ತರ 0. ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲ. ಬೇರೆ ಜೋಡಿಗಳೂ ಹಾಗೇ. ಅಚ್ಚಿನ ಮಸಿ, ಕಾಗದದ ನಾರು, ಸ್ಕ್ಯಾನರ್‌ನ ಚುಕ್ಕೆಗಳ ಸಾಲು, ಈ ಮೂರೂ ಸೇರಿ ಎರಡು ಅಕ್ಷರವನ್ನು ಹೀಗೆ ತದ್ರೂಪ ಮಾಡುವುದಿಲ್ಲ. ಎರಕದಚ್ಚಿನ ದೋಷವಾಗಿದ್ದರೂ ಕಚ್ಚು ಒಂದೇ ಇರುತ್ತಿತ್ತು, ಅಂಚಿನ ಚುಕ್ಕೆಗಳು ಬೇರೆಯಾಗುತ್ತಿದ್ದವು. ಅಂದರೆ ನನ್ನ ಕಣ್ಣೆದುರು ಅಷ್ಟೊಂದು ‘ಜಿ’ ಇದ್ದರೂ ಸಾಕ್ಷಿ ಇರುವುದು ಒಂದೇ. ಆ ಒಂದು ‘ಜಿ’ಯ ಬಾಯಿ ಹುಟ್ಟಿನಿಂದಲೇ ತೆರೆದಿತ್ತೋ, ಮುಚ್ಚಿದ್ದ ಹೊಟ್ಟೆ ಒಡೆದು ತೆರೆದಿತ್ತೋ, ಈ ಫೈಲ್‌ನಿಂದ ಹೇಳಲಾಗದು. ಹಲವು ಪ್ರತಿಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯುವ ಉಪಾಯವೂ ಇಲ್ಲಿ ದಂಡ. ಒಂದನ್ನೇ ಹತ್ತು ಸಲ ಕೂಡಿ ಹತ್ತರಿಂದ ಭಾಗಿಸಿದರೆ ಅದೇ ಬರುತ್ತದೆ.

ಮೂಲ ಕಾಗದವೇ ಬೇಕಿತ್ತು. ಅದು ಡೊಂಬಿವಲಿಯ ಶೆಟ್ರ ಮನೆಯಲ್ಲಿದೆ ಅಂತ ಗೊತ್ತಾಯಿತು. ಫೋನ್ ಮಾಡಿದೆ. “ಅಪ್ಪ ಇಟ್ಟದ್ದು ಮಾರಾಯ್ರೆ, ಮನೆಯಿಂದ ಹೊರಗೆ ಕೊಡುವುದಿಲ್ಲ. ನೀವೇ ಬನ್ನಿ, ಊಟಕ್ಕೇ ಬನ್ನಿ. ಆ ಟೇಪ್ ಮಾತ್ರ ಕೀಳಬೇಡಿ” ಅಂದರು. ಕೀಳುವ ಯೋಚನೆ ನನಗೂ ಇರಲಿಲ್ಲ, ಆ ಟೇಪ್ ಬರುವುದಾದರೆ ಅಕ್ಷರದ ಮಸಿಯನ್ನೂ ಎಳೆದುಕೊಂಡೇ ಬರುತ್ತದೆ. ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಓಡುವ ತೆಳು ಸ್ಕ್ಯಾನರ್ ಚೀಲದಲ್ಲಿ ಹಾಕಿಕೊಂಡು, ರಶ್ ಇಲ್ಲದ ಹೊತ್ತು ನೋಡಿ ಲೋಕಲ್ ಹತ್ತಿದೆ.

1200 ಡಿಪಿಐ, ಬೂದು ಬಣ್ಣ, ಟಿಫ್ ಫೈಲ್. ಪುಟದ ಬೆನ್ನಿಗೆ ಕಪ್ಪು ಕಾಗದ ಇಟ್ಟೆ. ಬಿಳಿ ಇಟ್ಟರೆ ಬೆಳಕು ಹಿಂದಿನಿಂದ ಚಿಮ್ಮಿ ಆಚೆ ಬದಿಯ ಅಕ್ಷರಗಳು ಈಚೆ ಮೂಡುತ್ತವೆ, ಕಪ್ಪು ಇಟ್ಟರೆ ಅವು ಅಡಗುತ್ತವೆ. ಗೆದ್ದಲಿನ ತೂತುಗಳೂ ಕಪ್ಪಾಗಿ ಕಾಣುತ್ತವೆ, ಅದೊಂದು ಕಿರಿಕಿರಿ. ಅದಕ್ಕಾಗಿ ಬಿಳಿ ಇಟ್ಟು ಇನ್ನೊಂದು ಸಲ ಸ್ಕ್ಯಾನ್ ಮಾಡಿದೆ. ಎರಡರಲ್ಲೂ ಕಪ್ಪಾಗಿರುವುದು ಮಸಿ, ಒಂದರಲ್ಲಿ ಮಾತ್ರ ಕಪ್ಪಾಗಿರುವುದು ತೂತು.

ಮನೆಗೆ ಬಂದು ‘ಜಿ’ಗಳನ್ನು ಹಿಗ್ಗಿಸಿ ನೋಡಿದಾಗ ನಿಜವಾದ ಪುಟ ಕಂಡಿತು. ಈಗ ಒಂದು ‘ಜಿ’ ಇನ್ನೊಂದರಂತಿಲ್ಲ. ಒಂದರ ಬಾಲ ಗೆದ್ದಲಿಗೆ ಹೋಗಿದೆ, ಒಂದರಲ್ಲಿ ಮಸಿ ಕಮ್ಮಿ, ಒಂದರ ಬಲಗಡೆಯೇ ಬಿರಿದಿದೆ. ಕಚ್ಚು ಇರುವುದು ಒಂದೇ ಒಂದು ‘ಜಿ’ಗೆ, ಸ್ಟ್ಯಾಂಪ್‌ಗೆ ಮೂಲವಾದದ್ದು ಅದೇ. ಆದರೆ ಕೆಳಹೊಟ್ಟೆಯ ಎಡಭಾಗ ಉಳಿದ ಎಲ್ಲ ‘ಜಿ’ಗಳಲ್ಲೂ ಅದೇ ಜಾಗದಲ್ಲಿ ಬಾಯಿ ತೆರೆದಿದೆ. ತುದಿಯೂ ಮಾತಾಡುತ್ತದೆ. ಒಡೆದ ಗೆರೆ ಪೂರ್ತಿ ದಪ್ಪ ಇರುವಾಗಲೇ ಹರಕುಮುರುಕಾಗಿ ನಿಲ್ಲುತ್ತದೆ. ಕೆತ್ತಿದ ತುದಿ ಮೆಲ್ಲಗೆ ತೆಳುವಾಗುತ್ತ ಬಂದು ನಯವಾಗಿ ಮುಗಿಯುತ್ತದೆ. ಇಲ್ಲಿ ಎಲ್ಲವೂ ನಯವಾಗಿಯೇ ಮುಗಿದಿವೆ. ಜೊತೆಗೆ ಕೆಳಗಿನ ಸಾಲಿನ ಒಂದು ದೊಡ್ಡ ‘ಇ’ಯ ಕೆಳಗಿನ ತೋಳು ಸಾಕಷ್ಟು ಮುಂದಕ್ಕೆ ಚಾಚಿದೆ, ಅದೂ ಬಾಸ್ಕರ್‌ವಿಲ್ ಚಾಳಿ. ‘ಎ’ಯ ನೆತ್ತಿಯಲ್ಲಿ 1200 ಡಿಪಿಐನಲ್ಲೂ ತಗ್ಗಿನ ಸುಳಿವಿಲ್ಲ. ಬಾಸ್ಕರ್‌ವಿಲ್ ಅಂತ ಬರೆದುಕೊಂಡೆ.

ಯಾವ ಬಾಸ್ಕರ್‌ವಿಲ್ ಅನ್ನುವುದು ಇನ್ನೊಂದು ಜಗಳ. ಮೋನೊಟೈಪ್ ಕಂಪನಿ ಮೊಳೆ ಜೋಡಿಸುವ ತನ್ನ ಯಂತ್ರಕ್ಕೆ 1923ರಲ್ಲಿ ಒಂದು ಮಾಡಿತು. ಅದಕ್ಕೆ ಬಹಳ ಮೊದಲು, 18ನೇ ಶತಮಾನದಲ್ಲೇ, ಫ್ರೈ ಎಂಬ ಮೊಳೆ ಎರಕದ ಫೌಂಡ್ರಿ ಬಾಸ್ಕರ್‌ವಿಲ್ ಮಾದರಿ ನೋಡಿ ಕೆತ್ತಿಸಿದ್ದೂ ಇದೆ. ಅದು ಮುಂದೆ ಸ್ಟೀಫನ್ಸನ್ ಬ್ಲೇಕ್ ಎಂಬ ಇನ್ನೊಂದು ಫೌಂಡ್ರಿಯ ಕೈ ಸೇರಿತು. ಶೆಟ್ರ ಲೆಕ್ಕದಲ್ಲಿ ವರದಿ 1920ಕ್ಕಿಂತ ಹಿಂದಿನದು. ಮೋನೊಟೈಪ್ ಎಂದಾದರೆ ಆ ಲೆಕ್ಕ ನಿಲ್ಲುವುದಿಲ್ಲ. ಫ್ರೈಯದು ಎಂದಾದರೆ ನಿಲ್ಲಬಹುದು. ಎರಡಕ್ಕೂ ಇರುವ ಒಳ್ಳೆಯ ವ್ಯತ್ಯಾಸ ದಪ್ಪ ಗೆರೆ, ಸಣ್ಣ ಗೆರೆಗಳ ನಡುವಿನ ಅಂತರ. ನಾನು ಅಳೆಯುವುದಿಲ್ಲ ಅಂದ ದಪ್ಪವೇ ಇಲ್ಲಿ ಬೇಕಾಗಿದೆ!

ಅದಕ್ಕೆ ಈಗ ಪದಗಳ ಅಗಲ ಹಿಡಿದಿದ್ದೇನೆ. ಇಡಿಯಾಗಿ ಉಳಿದ ಎರಡು ಪದಗಳ ಅಗಲದ ಅನುಪಾತ ತೆಗೆದು, ಅದೇ ಪದಗಳನ್ನು ಮಾದರಿಯ ಅಗಲಗಳಿಂದ ಕೂಡಿ ಹೋಲಿಸುವುದು. ಸಾಲನ್ನು ಎರಡೂ ಅಂಚಿಗೆ ಸರಿಹೊಂದಿಸುವಾಗ ಹಿಗ್ಗುವುದು ಪದಗಳ ನಡುವಿನ ಜಾಗ, ಪದದೊಳಗಿನದಲ್ಲ, ಹಾಗಾಗಿ ಇದು ನಂಬುವಂಥ ಅಳತೆ. ಕಂಪ್ಯೂಟರ್ ಫಾಂಟ್ ಜೊತೆ ಹೋಲಿಸುವಾಗ ಕರ್ನಿಂಗ್ ಆಫ್ ಮಾಡಲೇಬೇಕು, ಮೊಳೆಗಳು ಪಕ್ಕದ ಅಕ್ಷರ ನೋಡಿ ಹತ್ತಿರ ಸರಿಯುವುದಿಲ್ಲ. ಆಫ್ ಮಾಡಿದರೂ ಪೂರ್ತಿ ಕೂಡಲಿಲ್ಲ, ಪುಟದ ಅಕ್ಷರಗಳು ಸ್ವಲ್ಪ ಅಗಲವೇ ಇವೆ. ಸೀಸದ ಕಾಲದಲ್ಲಿ ಪ್ರತಿ ಅಳತೆಗೂ ಬೇರೆ ಕೆತ್ತನೆ, ಸಣ್ಣ ಅಳತೆಯವನ್ನು ಓದಲು ಸುಲಭವಾಗಲಿ ಅಂತ ಅಗಲ ಮಾಡುತ್ತಿದ್ದರು. ಕಂಪ್ಯೂಟರ್ ಫಾಂಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಆಕಾರವನ್ನು ಹಿಗ್ಗಿಸಿ ಕುಗ್ಗಿಸುತ್ತಾರೆ. ಅದೇ ಪಾಯಿಂಟ್ ಅಳತೆಯ ಹಳೆಯ ಮಾದರಿ ಹಾಳೆ ಸಿಗುವವರೆಗೆ ಈ ಭಾಗ ಬಾಕಿ.

ವರದಿಗೆ ಸದ್ಯ ಬಾಸ್ಕರ್‌ವಿಲ್ ಹಾಕಿ ಪ್ರೂಫ್ ಕಳಿಸಿದ್ದೇನೆ. ಶೆಟ್ರ ಬೀರುವಿನಲ್ಲಿ ಮರುವರ್ಷದ ವರದಿಯೂ ಇದೆಯಂತೆ, ಅದರ ಕೊನೆಯ ಪುಟದ ಮೂಲೆ ಗಟ್ಟಿಯಾಗಿದೆಯಂತೆ. ಅದೇ ಅಚ್ಚುಕೂಟದ ಹೆಸರು ಅಲ್ಲಿದ್ದರೆ ಮುಂದಿನ ಟಿಪ್ಪಣಿ ಇದಕ್ಕಿಂತ ಚಿಕ್ಕದಾಗುತ್ತದೆ.